99% ವ್ಯಾರ್ ₹15,419 ಅಂದರೆ ಗರಿಷ್ಠ ನಷ್ಟವಾ?

ಪ್ರಶ್ನೆ: ನನ್ನ ಹತ್ತಿರ 10 ಲಕ್ಷ ರೂಪಾಯಿ ಹೂಡಿಕೆ ಇದೆ. 6 ಲಕ್ಷ ನಿಫ್ಟಿ ಇಂಡೆಕ್ಸ್ ಫಂಡ್, 4 ಲಕ್ಷ ಚಿನ್ನದ ಇಟಿಎಫ್. ಸಲಹೆಗಾರರು ಕಳಿಸಿದ ರಿಪೋರ್ಟಿನಲ್ಲಿ "1 ದಿನದ ವ್ಯಾಲ್ಯೂ ಅಟ್ ರಿಸ್ಕ್, 99%: ₹15,419, ನಾರ್ಮಲ್ ಡಿಸ್ಟ್ರಿಬ್ಯೂಷನ್ ಆಧಾರ" ಅಂತ ಇದೆ. ಅಂದರೆ ಒಂದು ದಿನದಲ್ಲಿ ಇದಕ್ಕಿಂತ ಜಾಸ್ತಿ ಕಳೆದುಕೊಳ್ಳೋದಿಲ್ಲ ಅಂತಲಾ? ಈ ಸಂಖ್ಯೆ ಎಲ್ಲಿಂದ ಬಂತು, ಎಷ್ಟು ನಂಬಬಹುದು? ರಿಪೋರ್ಟಿನ ಕೊನೇ ಪುಟವನ್ನೂ ಕಳಿಸಿದ್ದೇನೆ.

ಉತ್ತರ: ಇಲ್ಲ, ಹಾಗಲ್ಲ. ಗರಿಷ್ಠ ನಷ್ಟಕ್ಕೂ ಈ ಸಂಖ್ಯೆಗೂ ಸಂಬಂಧವೇ ಇಲ್ಲ. ಇದು ಹೇಳುವುದು ಇಷ್ಟೇ: ನೂರು ವಹಿವಾಟಿನ ದಿನಗಳಲ್ಲಿ ಸುಮಾರು 99 ದಿನ ನಿಮ್ಮ ನಷ್ಟ ₹15,419 ದಾಟುವುದಿಲ್ಲ. ಉಳಿದ ಒಂದು ದಿನ ದಾಟುತ್ತದೆ. ದಾಟಿದ ಮೇಲೆ ಎಷ್ಟು ದೂರ ಹೋಗುತ್ತದೆ ಅನ್ನುವುದರ ಬಗ್ಗೆ ಒಂದು ಮಾತೂ ಇಲ್ಲ.

ನಾನು ಇದನ್ನು ಹೊಸ್ತಿಲು ಅಂತ ಕರೆಯುತ್ತೇನೆ. ಮಾಮೂಲಿ ದಿನಗಳೆಲ್ಲ ಹೊಸ್ತಿಲಿನ ಒಳಗೆ, ಕೆಟ್ಟ ದಿನಗಳು ಅದರ ಆಚೆ. ಹಾಗೆ ನೋಡಿದರೆ ₹15,419 ಅನ್ನುವುದು ನಿಮ್ಮ ಕೆಟ್ಟ ದಿನಗಳಲ್ಲಿ ಆಗಬಹುದಾದ ಕನಿಷ್ಠ ನಷ್ಟ. ಮಾರುಕಟ್ಟೆ ವರ್ಷಕ್ಕೆ ಹೆಚ್ಚೂಕಡಿಮೆ 250 ದಿನ ತೆರೆದಿರುತ್ತದೆ. ಅಂದರೆ ಲೆಕ್ಕ ಸರಿಯಾಗಿದ್ದರೂ ವರ್ಷಕ್ಕೆ ಎರಡು ಮೂರು ದಿನ ಇದಕ್ಕಿಂತ ಜಾಸ್ತಿ ಹೋಗಬೇಕು. ಹೋಗಲೇ ಇಲ್ಲ ಅಂದರೆ ಅದೂ ಸ್ವಲ್ಪ ಅನುಮಾನವೇ.

ಇನ್ನು ಮುಂದೆ ಇದನ್ನು ವ್ಯಾರ್ ಅನ್ನೋಣ. ಬ್ಯಾಂಕಿನ ಟ್ರೆಷರಿಗಳಲ್ಲಿ ಹಾಗೇ ಹೇಳುವುದು.

ಸಂಖ್ಯೆ ಬಂದದ್ದು ಹೀಗೆ

ನಿಮ್ಮ ರಿಪೋರ್ಟಿನ ಕೊನೇ ಪುಟದಲ್ಲಿ ನಾಲ್ಕು ಊಹೆಗಳಿವೆ. ನಿಫ್ಟಿ ಫಂಡಿನ ದಿನದ ಸ್ಟಾಂಡರ್ಡ್ ಡಿವಿಯೇಷನ್ 1.0%. ಚಿನ್ನದ್ದು 0.8%. ಎರಡೂ ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಅನ್ನುವುದನ್ನು ಹೇಳುವ ಕೋರಿಲೇಷನ್ ಸೊನ್ನೆ. ಇಡೀ ಪೋರ್ಟ್‌ಫೋಲಿಯೋದ ಸರಾಸರಿ ದಿನದ ಗಳಿಕೆ 0.04%. ಇಷ್ಟಿದ್ದರೆ ಸಾಕು.

ಮೊದಲು ಶೇಕಡಾವನ್ನು ರೂಪಾಯಿಗೆ ತನ್ನಿ. 6 ಲಕ್ಷದ 1% ಅಂದರೆ ₹6,000. 4 ಲಕ್ಷದ 0.8% ಅಂದರೆ ₹3,200. ಮಾಮೂಲಿ ದಿನವೊಂದರಲ್ಲಿ ನಿಮ್ಮ ನಿಫ್ಟಿ ಹಣ ಸುಮಾರು ಆರು ಸಾವಿರ ಆಚೀಚೆ ಆಡುತ್ತದೆ, ಚಿನ್ನದ ಹಣ ಮೂರು ಸಾವಿರ ಚಿಲ್ಲರೆ ಆಡುತ್ತದೆ ಅಂತ ಅರ್ಥ.

ಈ ಎರಡನ್ನು ಸುಮ್ನೆ ಕೂಡಿ 9,200 ಅನ್ನುವ ಹಾಗಿಲ್ಲ. ನಿಫ್ಟಿ ಬಿದ್ದ ದಿನವೇ ಚಿನ್ನವೂ ಬೀಳಬೇಕು ಅಂತ ಇಲ್ಲವಲ್ಲ. ಕೋರಿಲೇಷನ್ ಸೊನ್ನೆ ಇದ್ದಾಗ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು. ಶಾಲೆಯಲ್ಲಿ ಲಂಬಕೋನ ತ್ರಿಭುಜಕ್ಕೆ ಮಾಡುತ್ತಿದ್ದೆವಲ್ಲ, ಅದೇ ಲೆಕ್ಕ. 6,000ದ ವರ್ಗ 3.6 ಕೋಟಿ, 3,200ರ ವರ್ಗ 1.024 ಕೋಟಿ, ಮೊತ್ತ 4.624 ಕೋಟಿ. ಅದರ ವರ್ಗಮೂಲ ಸರಿಯಾಗಿ 6,800. ಇದು ನಿಮ್ಮ ಇಡೀ ಪೋರ್ಟ್‌ಫೋಲಿಯೋದ ಒಂದು ದಿನದ ಸ್ಟಾಂಡರ್ಡ್ ಡಿವಿಯೇಷನ್, ಅಂದರೆ 0.68%. ಇದನ್ನೇ ಒಂದು ಸಿಗ್ಮಾ ಅನ್ನುತ್ತಾರೆ.

ಈಗ ನಾರ್ಮಲ್ ಡಿಸ್ಟ್ರಿಬ್ಯೂಷನ್ನಿನ ಕೆಲಸ. ದಿನದ ಲಾಭ-ನಷ್ಟಗಳು ಗಂಟೆಯಾಕಾರದ ಆ ಗೆರೆಯ ಪ್ರಕಾರ ಹರಡಿಕೊಂಡಿವೆ ಅಂತ ಒಪ್ಪಿಕೊಂಡರೆ, ಅತಿ ಕೆಟ್ಟ 1% ದಿನಗಳು ಸರಾಸರಿಯಿಂದ 2.326 ಸಿಗ್ಮಾ ಕೆಳಗೆ ಶುರುವಾಗುತ್ತವೆ. ಅತಿ ಕೆಟ್ಟ 5% ಬೇಕಾದರೆ 1.645 ಸಿಗ್ಮಾ. ಈ ಎರಡು ಸಂಖ್ಯೆಗಳು ಯಾವ ಪೋರ್ಟ್‌ಫೋಲಿಯೋಗಾದರೂ ಬದಲಾಗುವುದಿಲ್ಲ. ನಿಮ್ಮದಕ್ಕೆ 6,800 × 2.326 = 15,817. ಸರಾಸರಿ ದಿನ ₹400 ಗಳಿಸುತ್ತೀರಿ ಅಂತ ಊಹೆ ಇದೆ, ಅದನ್ನು ಕಳೆಯಿರಿ. 15,417 ಬಂತು.

ಎರಡು ರೂಪಾಯಿ ಎಲ್ಲಿ ಹೋಯಿತು ಅಂತೀರಾ? 2.326 ಅನ್ನುವುದು ದುಂಡು ಮಾಡಿದ ಸಂಖ್ಯೆ. ಸ್ಪ್ರೆಡ್‌ಶೀಟ್ 2.32635 ಹಿಡಿಯುತ್ತದೆ, ಅದಕ್ಕೆ ನಿಮ್ಮ ರಿಪೋರ್ಟಿನಲ್ಲಿ 15,419. ನೀವೇ ಹಾಕಿ ನೋಡಿ:

```
A1: 1000000
A2: 0.0004
A3: 0.0068
A4: =-A1*(A2 + NORM.S.INV(0.01)*A3)
```

`0.01` ಇರುವಲ್ಲಿ `0.05` ಹಾಕಿದರೆ 95% ವ್ಯಾರ್ ಸಿಗುತ್ತದೆ. ಸುಮಾರು ₹10,785. ಅದೇ ಹಣ, ಅದೇ ದಿನ, ಆದರೆ ಸಂಖ್ಯೆ ಸುಮಾರು 30% ಕಡಿಮೆಯಾಯಿತು. ಯಾರಾದರೂ "ನಮ್ಮ ವ್ಯಾರ್ ಇಷ್ಟು" ಅಂದರೆ ಎಷ್ಟು ದಿನಕ್ಕೆ, ಎಷ್ಟು ಶೇಕಡಾಕ್ಕೆ ಅಂತ ಕೇಳದೆ ಬಿಡಬೇಡಿ.

ಹತ್ತು ದಿನದ ವ್ಯಾರ್ ಬೇಕು ಅಂದರೆ ಹತ್ತರಿಂದ ಗುಣಿಸಬಾರದು. ಸರಾಸರಿ ಹತ್ತು ಪಟ್ಟಾಗುತ್ತದೆ, ಸಿಗ್ಮಾ ಮಾತ್ರ ಹತ್ತರ ವರ್ಗಮೂಲದಷ್ಟು, ಅಂದರೆ 3.16 ಪಟ್ಟು. ನಿಮಗೆ ಅದು ಸುಮಾರು ₹46,000. ಇವತ್ತಿನ ಏರಿಳಿತಕ್ಕೂ ನಾಳೆಯದಕ್ಕೂ ಸಂಬಂಧ ಇಲ್ಲ ಅನ್ನುವುದು ಇದರೊಳಗೆ ಅಡಗಿರುವ ಊಹೆ. ಗಾಬರಿಯ ವಾರಗಳಲ್ಲಿ ಆ ಊಹೆ ನಿಲ್ಲುವುದಿಲ್ಲ, ಒಂದು ಕೆಟ್ಟ ದಿನದ ಹಿಂದೆಯೇ ಇನ್ನೊಂದು ಬರುತ್ತದೆ.

ಆ ₹19 ನಂಬಬೇಡಿ

15,419 ಅಂತ ಕೊನೇ ರೂಪಾಯಿವರೆಗೆ ಬರೆದಿದ್ದಾರೆ. ನೋಡಿದರೆ ಎಷ್ಟು ಖಚಿತ ಅನ್ನಿಸುತ್ತದೆ ಅಲ್ವಾ? ಆದರೆ ಆ 0.68% ಸಿಗ್ಮಾವನ್ನು ಯಾರೂ ಅಳತೆಪಟ್ಟಿ ಹಿಡಿದು ಅಳೆದಿಲ್ಲ. ಹಿಂದಿನ ಒಂದು ವರ್ಷದ ಬೆಲೆಗಳಿಂದ ಅಂದಾಜು ಮಾಡಿದ್ದಾರೆ. 250 ದಿನದ ಮಾಹಿತಿಯಿಂದ ತೆಗೆದ ಸಿಗ್ಮಾದಲ್ಲಿ, ಎಲ್ಲವೂ ನಾರ್ಮಲ್ ಆಗಿಯೇ ಇದ್ದರೂ, 9% ಆಚೀಚೆ ತಪ್ಪು ಇರುವುದು ಸಹಜ. ಅಂದರೆ ನಿಮ್ಮ ವ್ಯಾರ್ 14 ಸಾವಿರದಿಂದ 17 ಸಾವಿರದ ಒಳಗೆ ಎಲ್ಲಾದರೂ ಇರಬಹುದು. "ಸುಮಾರು ಹದಿನೈದೂವರೆ ಸಾವಿರ" ಅಂತ ಬರೆದಿದ್ದರೆ ಪ್ರಾಮಾಣಿಕವಾಗಿರುತ್ತಿತ್ತು.

ಸರಾಸರಿಯ ಕಥೆ ಇನ್ನೂ ತಮಾಷೆ. ದಿನದ ಸರಾಸರಿ 0.04% ಅಂದರು. 250 ದಿನದ ಮಾಹಿತಿಯಲ್ಲಿ ಆ ಸರಾಸರಿಯ ಸ್ಟಾಂಡರ್ಡ್ ಎರರ್ 0.043%. ಅಂದಾಜಿಗಿಂತ ಅದರ ತಪ್ಪೇ ದೊಡ್ಡದು! ಅದಕ್ಕೇ ಒಂದು ದಿನದ ವ್ಯಾರ್‌ಗೆ ಅನೇಕರು ಸರಾಸರಿಯನ್ನು ಸೊನ್ನೆ ಅಂತ ಇಟ್ಟುಬಿಡುತ್ತಾರೆ. ನಾನೂ ಹಾಗೇ ಮಾಡುತ್ತೇನೆ. ನಿಮ್ಮ ಲೆಕ್ಕಕ್ಕೆ ₹400 ವ್ಯತ್ಯಾಸ ಬರುತ್ತದೆ, ಅಷ್ಟೇ.

ಚಿನ್ನ ಕೈಹಿಡಿಯದ ದಿನ

ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಸರಾಸರಿ ಬಿಟ್ಟು. ನಿಫ್ಟಿ ಭಾಗದ ವ್ಯಾರ್ ಸುಮಾರು ₹13,960, ಚಿನ್ನದ್ದು ₹7,445. ಕೂಡಿದರೆ ₹21,400. ಒಟ್ಟಿಗೆ ಹಾಕಿದಾಗ ಬಂದದ್ದು ₹15,820. ಐದೂವರೆ ಸಾವಿರ ಕಡಿಮೆಯಾದದ್ದು ಹಣ ಎರಡು ಕಡೆ ಹಂಚಿದ್ದರಿಂದ. ಇದು ಸುಳ್ಳಲ್ಲ, ನಿಜವಾದ ಲಾಭ. ಆದರೆ ಇದು ಪೂರ್ತಿ ಆ ಕೋರಿಲೇಷನ್ ಸೊನ್ನೆ ಅನ್ನುವ ಊಹೆಯ ಮೇಲೆ ನಿಂತಿದೆ.

ಅದು 0.5 ಆಯಿತು ಅನ್ನಿ. ಸಿಗ್ಮಾ 6,800ರಿಂದ ಸುಮಾರು 8,090ಕ್ಕೆ ಏರುತ್ತದೆ, ರಿಪೋರ್ಟಿನ ಸಂಖ್ಯೆ ₹18,400 ದಾಟುತ್ತದೆ. ನೀವು ಒಂದು ಯೂನಿಟ್ ಕೂಡ ಕೊಂಡಿಲ್ಲ, ಮಾರಿಲ್ಲ. ಮಾಮೂಲಿ ದಿನಗಳಲ್ಲಿ ಷೇರು ಮತ್ತು ಚಿನ್ನ ತಮ್ಮ ಪಾಡಿಗೆ ತಾವು ಇರುತ್ತವೆ. ಎಲ್ಲರಿಗೂ ಒಟ್ಟಿಗೆ ನಗದು ಬೇಕಾದಾಗ ಏನು ಮಾರಲು ಸಾಧ್ಯವೋ ಅದನ್ನು ಮಾರುತ್ತಾರೆ, ಚಿನ್ನವನ್ನೂ. 2020ರ ಮಾರ್ಚ್ ಮಧ್ಯದಲ್ಲಿ ಷೇರುಗಳ ಜೊತೆ ಚಿನ್ನದ ಬೆಲೆಯೂ ಕೆಲವು ದಿನ ಕುಸಿದದ್ದು ಹೀಗೇ. ಆಮೇಲೆ ಚಿನ್ನ ಮೇಲೆದ್ದಿತು, ನಿಜ. ಆದರೆ ಒಂದು ದಿನದ ವ್ಯಾರ್ ಕೇಳುವುದು ಆಮೇಲಿನದನ್ನಲ್ಲ.

ಹೊಸ್ತಿಲಿನ ಆಚೆ

ಎಲ್ಲಕ್ಕಿಂತ ದೊಡ್ಡ ತೊಂದರೆ ಇಲ್ಲಿದೆ, ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡೋಣ.

ಹೊಸ್ತಿಲು ದಾಟಿದ ದಿನಗಳಲ್ಲಿ ಸರಾಸರಿ ನಷ್ಟ ಎಷ್ಟು ಅಂತ ಕೇಳಬಹುದು. ಅದಕ್ಕೆ ಎಕ್ಸ್‌ಪೆಕ್ಟೆಡ್ ಶಾರ್ಟ್‌ಫಾಲ್ ಅಂತ ಹೆಸರು. ನಾರ್ಮಲ್ ಡಿಸ್ಟ್ರಿಬ್ಯೂಷನ್ನಿನಲ್ಲಿ 99%ಗೆ ಅದು 2.665 ಸಿಗ್ಮಾ. ನಿಮಗೆ 6,800 × 2.665, ಅದರಲ್ಲಿ 400 ಕಳೆದರೆ ಸುಮಾರು ₹17,720. ಗಮನಿಸಿ, ಹೊಸ್ತಿಲು 15,419, ಅದರ ಆಚೆಯ ಸರಾಸರಿ 17,720. ನಡುವೆ ಬರೀ 2,300 ರೂಪಾಯಿ. ಹೊಸ್ತಿಲು ದಾಟಿದರೂ ಮೊಣಕಾಲುದ್ದ ನೀರು, ಹೆದರಬೇಡಿ ಅಂತ ನಾರ್ಮಲ್ ಗೆರೆ ಹೇಳುತ್ತಿದೆ. ಆ ಗೆರೆಯ ಬಾಲ ಅಷ್ಟು ಬೇಗ ಸಣ್ಣಗಾಗುತ್ತದೆ.

ಈಗ ನಿಜವಾದ ದಿನಗಳನ್ನು ನೋಡೋಣ. 2024ರ ಜೂನ್ 4, ಲೋಕಸಭಾ ಚುನಾವಣೆಯ ಮತ ಎಣಿಕೆ. ನಿಫ್ಟಿ 1,379 ಅಂಕ ಕುಸಿದು 21,884.50ಕ್ಕೆ ಮುಗಿಯಿತು. 5.93% ಇಳಿಕೆ. ನಿಮ್ಮ 6 ಲಕ್ಷದ ಮೇಲೆ ಅದು ₹35,580. ಚಿನ್ನ ಕದಲದೆ ನಿಂತಿತ್ತು ಅಂತಲೇ ಇಟ್ಟುಕೊಳ್ಳಿ, ಆದರೂ ರಿಪೋರ್ಟಿನ ವ್ಯಾರ್‌ನ ಎರಡು ಪಟ್ಟಿಗಿಂತ ಜಾಸ್ತಿ.

ನಿಮ್ಮ ರಿಪೋರ್ಟಿನ 1% ಸಿಗ್ಮಾ ಹಿಡಿದರೆ ಇದು ಹೆಚ್ಚೂಕಡಿಮೆ 6 ಸಿಗ್ಮಾ ಇಳಿಕೆ. ನಾರ್ಮಲ್ ಲೆಕ್ಕದಲ್ಲಿ ಅಂಥ ದಿನ ಸುಮಾರು 100 ಕೋಟಿ ದಿನಕ್ಕೊಮ್ಮೆ ಬರಬೇಕು. ವರ್ಷಕ್ಕೆ 250 ದಿನದಂತೆ 40 ಲಕ್ಷ ವರ್ಷಕ್ಕೊಮ್ಮೆ. ಅದಕ್ಕೂ ನಾಲ್ಕು ವರ್ಷ ಹಿಂದೆ, 2020ರ ಮಾರ್ಚ್ 23ರಂದು, ನಿಫ್ಟಿ 12.98% ಬಿದ್ದಿತ್ತು. ಅದು 13 ಸಿಗ್ಮಾ. ಅದರ ಸಾಧ್ಯತೆ ಬರೆಯಲು ದಶಾಂಶ ಬಿಂದುವಿನ ಮುಂದೆ 38 ಸೊನ್ನೆ ಹಾಕಬೇಕು. ಈ ವಿಶ್ವ ಹುಟ್ಟಿ ಇವತ್ತಿಗೆ ಆಗಿರುವುದೇ ಸುಮಾರು 5 ಲಕ್ಷ ಕೋಟಿ ದಿನ, ಅಂದರೆ 5ರ ಮುಂದೆ 12 ಸೊನ್ನೆ. ಇಂಥ ಉತ್ತರ ಬಂದಾಗ ನಮಗೆ ಅಪರೂಪದ ದಿನ ಸಿಕ್ಕಿತು ಅಂತ ತಿಳಿಯಬಾರದು, ಮಾದರಿ ತಪ್ಪಿದೆ ಅಂತ ತಿಳಿಯಬೇಕು. 2007ರ ಆಗಸ್ಟಿನಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್‌ನ ಹಣಕಾಸು ಮುಖ್ಯಸ್ಥರಾಗಿದ್ದ ಡೇವಿಡ್ ವಿನಿಯರ್, ಹಲವು ದಿನ ಸತತವಾಗಿ 25 ಸಿಗ್ಮಾ ಏರಿಳಿತ ಕಂಡೆವು ಅಂದಿದ್ದರು. ಅದನ್ನು ಓದಿ ಅಂಕಿಅಂಶ ಗೊತ್ತಿದ್ದವರೆಲ್ಲ ನಕ್ಕರು.

ಇಲ್ಲಿ ಒಂದು ನ್ಯಾಯದ ಮಾತು ಹೇಳಬೇಕು. ಮಾರ್ಚ್ 23 ಇದ್ದಕ್ಕಿದ್ದಂತೆ ಬರಲಿಲ್ಲ. ಮಾರ್ಚ್ 12ರಂದೇ ನಿಫ್ಟಿ 8% ಮೀರಿ ಬಿದ್ದಿತ್ತು. ಇತ್ತೀಚಿನ ದಿನಗಳಿಗೆ ಜಾಸ್ತಿ ತೂಕ ಕೊಟ್ಟು ಸಿಗ್ಮಾ ಅಳೆಯುತ್ತಿದ್ದವರಿಗೆ ಆ ಹೊತ್ತಿಗೆ ಅದು 1% ಆಗಿ ಉಳಿದಿರಲಿಲ್ಲ, ಹಲವು ಪಟ್ಟು ಏರಿತ್ತು. ಅವರ ಲೆಕ್ಕದಲ್ಲಿ ಮಾರ್ಚ್ 23 ಕೆಟ್ಟ ದಿನವೇ ಹೊರತು ಅಸಾಧ್ಯ ದಿನ ಆಗಿರಲಿಲ್ಲ. ಅಂದರೆ ತಪ್ಪಿನ ದೊಡ್ಡ ಪಾಲು ಹಳೇ ಸಿಗ್ಮಾವನ್ನು ಹಿಡಿದು ಕೂತದ್ದು. ಜೆ.ಪಿ. ಮಾರ್ಗನ್ 1994ರಲ್ಲಿ ಎಲ್ಲರಿಗೂ ಬಿಡುಗಡೆ ಮಾಡಿದ ರಿಸ್ಕ್‌ಮೆಟ್ರಿಕ್ಸ್ ವಿಧಾನದಲ್ಲಿ ದಿನದ ಲೆಕ್ಕ ಹೀಗೇ ಇತ್ತು: ನಿನ್ನೆಯ ವೇರಿಯನ್ಸ್‌ಗೆ, ಅಂದರೆ ಸಿಗ್ಮಾದ ವರ್ಗಕ್ಕೆ, 0.94 ತೂಕ, ಇವತ್ತಿನ ಏರಿಳಿತದ ವರ್ಗಕ್ಕೆ 0.06.

ಆದರೆ ಈ ಮದ್ದು ಜೂನ್ 4ಕ್ಕೆ ನಾಟುವುದಿಲ್ಲ. ಹಿಂದಿನ ದಿನ ನಿಫ್ಟಿ 3.25% ಏರಿತ್ತು, ಅದರಿಂದ ಸಿಗ್ಮಾ ಸ್ವಲ್ಪ ಮೇಲೆ ಹೋಗಿರುತ್ತದೆ ಅಷ್ಟೇ. ಎಣಿಕೆಯ ದಿನಾಂಕ ಊರಿಗೆಲ್ಲ ಗೊತ್ತಿತ್ತು. ಚಹಾ ಅಂಗಡಿಯಲ್ಲೂ ನಾಳೆ ಮಾರ್ಕೆಟ್ ಕುಣಿಯುತ್ತದೆ ಅನ್ನುತ್ತಿದ್ದರು. ಗೊತ್ತಿಲ್ಲದೇ ಇದ್ದದ್ದು ಹಿಂದಿನ ಬೆಲೆಗಳನ್ನು ಮಾತ್ರ ನೋಡುವ ಸೂತ್ರಕ್ಕೆ. ಅದಕ್ಕೆ ಕ್ಯಾಲೆಂಡರ್ ಇಲ್ಲ.

ಬ್ಯಾಂಕುಗಳ ನಿಯಮವೂ ಇದನ್ನು ಒಪ್ಪಿಕೊಂಡಿದೆ. ಮೊದಲು ಬಾಸೆಲ್ ನಿಯಮಗಳಲ್ಲಿ ಮಾರುಕಟ್ಟೆ ರಿಸ್ಕ್‌ಗೆ 99%ನ ಹತ್ತು ದಿನದ ವ್ಯಾರ್ ಇತ್ತು. ಹೊಸ ನಿಯಮಗಳು 97.5%ನ ಎಕ್ಸ್‌ಪೆಕ್ಟೆಡ್ ಶಾರ್ಟ್‌ಫಾಲ್‌ಗೆ ಬದಲಾದವು. ಕುತೂಹಲದ ವಿಷಯ ಅಂದರೆ, ನಾರ್ಮಲ್ ಡಿಸ್ಟ್ರಿಬ್ಯೂಷನ್ನಿನಲ್ಲಿ ಇವೆರಡೂ ಬಹುತೇಕ ಒಂದೇ, 2.326 ಮತ್ತು 2.338 ಸಿಗ್ಮಾ. ಬಾಲ ದಪ್ಪ ಇದ್ದಾಗ, ಅಂದರೆ ವಿಪರೀತ ದಿನಗಳು ನಾರ್ಮಲ್ ಗೆರೆ ಹೇಳುವುದಕ್ಕಿಂತ ಜಾಸ್ತಿ ಬಂದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ.

ವ್ಯಾರ್ ಸೊನ್ನೆ ತೋರಿಸುವ ಅಪಾಯ

ನಿಮಗೆ ಸದ್ಯಕ್ಕೆ ಬೇಡ, ಆದರೆ ಮುಂದೆ ಯಾರಾದರೂ ಆಪ್ಷನ್ ಮಾರಿ ಅಂತ ಆಸೆ ಹುಟ್ಟಿಸಿದರೆ ನೆನಪಿರಲಿ. ನಾನು ಹಿಂದೆ ಇದ್ದ ಒಂದು ಟ್ರೆಷರಿಯಲ್ಲಿ ಒಬ್ಬರು ನೋಡಿಕೊಳ್ಳುತ್ತಿದ್ದ ವ್ಯವಹಾರಗಳ ವ್ಯಾರ್ ಯಾವಾಗಲೂ ಅಚ್ಚುಕಟ್ಟಾಗಿ ಸಣ್ಣದಿರುತ್ತಿತ್ತು. ಅವರು ಬೆಲೆಯಿಂದ ಬಹಳ ದೂರದ ಆಪ್ಷನ್‌ಗಳನ್ನು ಮಾರುತ್ತಿದ್ದರು, ಅಂದರೆ ಬೆಲೆ ವಿಪರೀತ ಆಡಿದರೆ ಹಣ ತುಂಬಿಕೊಡುತ್ತೇನೆ ಅಂತ ಮಾತು ಕೊಟ್ಟು ಅದಕ್ಕೆ ಸಣ್ಣ ಮೊತ್ತ ಪಡೆಯುತ್ತಿದ್ದರು. ಮೀಟಿಂಗಿನಲ್ಲಿ ಎಲ್ಲರಿಗಿಂತ ಕಡಿಮೆ ರಿಸ್ಕ್ ಅವರದೇ ಅಂತ ಪಟ್ಟಿಯಲ್ಲಿ ಕಾಣುತ್ತಿತ್ತು. ಒಂದು ದಿನ ಎರಡು ವರ್ಷದ ಲಾಭ ಒಂದೇ ಮಧ್ಯಾಹ್ನ ಹೋಯಿತು.

ಹೇಗೆ ಅಂತ ಸಣ್ಣ ಲೆಕ್ಕದಲ್ಲಿ ನೋಡಿ. ಒಂದು ವ್ಯವಹಾರದಲ್ಲಿ 99.3% ಸಾಧ್ಯತೆಗೆ ₹2,000 ಬರುತ್ತದೆ, 0.7% ಸಾಧ್ಯತೆಗೆ ₹3 ಲಕ್ಷ ಹೋಗುತ್ತದೆ. ನಷ್ಟದ ಸಾಧ್ಯತೆ 1%ಗಿಂತ ಕಡಿಮೆ, ಹಾಗಾಗಿ 99% ವ್ಯಾರ್‌ಗೆ ಆ 3 ಲಕ್ಷ ಕಾಣುವುದೇ ಇಲ್ಲ. ಲಾಭವೇ ಅನ್ನುತ್ತದೆ. ಈಗ ಒಂದಕ್ಕೊಂದು ಸಂಬಂಧವಿಲ್ಲದ ಅಂಥ ಎರಡು ವ್ಯವಹಾರ ಮಾಡಿ. ಎರಡರಲ್ಲಿ ಒಂದಾದರೂ ಕೈಕೊಡುವ ಸಾಧ್ಯತೆ ಸುಮಾರು 1.4%. 1%ರ ಗಡಿ ದಾಟಿತು. ವ್ಯಾರ್ ಒಮ್ಮೆಗೇ ₹2.98 ಲಕ್ಷ! ಅಪಾಯ ಮೊದಲೂ ಇತ್ತು, ಕಾಣುತ್ತಿರಲಿಲ್ಲ. ನಾರ್ಮಲ್ ಡಿಸ್ಟ್ರಿಬ್ಯೂಷನ್ ಇದ್ದಾಗ ಒಟ್ಟು ವ್ಯಾರ್ ಬಿಡಿ ವ್ಯಾರ್‌ಗಳ ಮೊತ್ತವನ್ನು ಮೀರುವುದಿಲ್ಲ, ನಿಮ್ಮ ನಿಫ್ಟಿ-ಚಿನ್ನದಲ್ಲಿ ನೋಡಿದೆವಲ್ಲ. ಆಪ್ಷನ್ ಬಂದ ತಕ್ಷಣ ಆ ಭರವಸೆ ಹೋಗುತ್ತದೆ. ಮೇಲಿನ ಸೂತ್ರವನ್ನು ಅದಕ್ಕೆ ಹಾಕಲೇಬೇಡಿ.

ಎಷ್ಟು ನಂಬಬಹುದು ಅಂತ ಪರೀಕ್ಷಿಸುವುದು

ಇದಕ್ಕೆ ಸಲಹೆಗಾರರನ್ನು ಕೇಳಬೇಕಿಲ್ಲ, ನಿಮ್ಮ ಹತ್ತಿರವೇ ಮಾಹಿತಿ ಇದೆ. ಎರಡೂ ಫಂಡಿನ ಹಿಂದಿನ 500 ದಿನದ ಬೆಲೆ ಒಂದು ಶೀಟಿಗೆ ಇಳಿಸಿಕೊಳ್ಳಿ, ಮೊದಲ 250 ಸಿಗ್ಮಾ ತೆಗೆಯಲು, ಕೊನೆಯ 250 ಪರೀಕ್ಷೆಗೆ. ಆ ಕೊನೆಯ 250 ದಿನಗಳಲ್ಲಿ ಪ್ರತಿ ದಿನ 6 ಲಕ್ಷ ಮತ್ತು 4 ಲಕ್ಷ ಇದ್ದಿದ್ದರೆ ಎಷ್ಟು ಲಾಭ-ನಷ್ಟ ಆಗುತ್ತಿತ್ತು ಅಂತ ಒಂದು ಕಾಲಂ ಮಾಡಿ. ಪಕ್ಕದಲ್ಲಿ ಆ ದಿನಕ್ಕೆ ಹಿಂದಿನ ಮಾಹಿತಿಯಿಂದ ಮಾತ್ರ ತೆಗೆದ ವ್ಯಾರ್ ಇರಲಿ. ಇವತ್ತಿನ ಸಿಗ್ಮಾವನ್ನು ಹಿಂದಿನ ದಿನಗಳಿಗೆ ಹಾಕಿದರೆ ಉತ್ತರ ಪತ್ರಿಕೆ ನೋಡಿಕೊಂಡು ಪರೀಕ್ಷೆ ಬರೆದ ಹಾಗೆ. ನಷ್ಟ ವ್ಯಾರ್ ದಾಟಿದ ದಿನಗಳನ್ನು ಎಣಿಸಿ.

ಬಾಸೆಲ್ ನಿಯಮದಲ್ಲಿ ಬ್ಯಾಂಕುಗಳಿಗೆ ಇದೇ ಪರೀಕ್ಷೆ, ಟ್ರಾಫಿಕ್ ಸಿಗ್ನಲ್ ತರಹ. 250 ದಿನದಲ್ಲಿ 4 ಬಾರಿವರೆಗೆ ದಾಟಿದರೆ ಹಸಿರು, 5ರಿಂದ 9 ಹಳದಿ, 10 ಅಥವಾ ಜಾಸ್ತಿ ಆದರೆ ಕೆಂಪು. ನೀವೂ ಅದನ್ನೇ ಬಳಸಿ. ಎಣಿಕೆಯ ಜೊತೆ ದಿನಾಂಕವನ್ನೂ ನೋಡಿ. ಮೂರು ಬಾರಿ ದಾಟಿದ್ದು ವರ್ಷದುದ್ದಕ್ಕೂ ಚದುರಿದ್ದರೆ ಸರಿ. ಮೂರೂ ಒಂದೇ ವಾರದಲ್ಲಿ ಬಿದ್ದಿದ್ದರೆ ಬಣ್ಣ ಹಸಿರಾದರೂ ಸಿಗ್ಮಾ ಹಿಂದೆ ಬಿದ್ದಿದೆ ಅಂತ ಅರ್ಥ. ಇನ್ನೊಂದು, 99%ನಲ್ಲಿ ಎಣಿಸಲು ಸಿಗುವುದೇ ಎರಡು ಮೂರು ದಿನ, ಅದರಿಂದ ಏನು ತೀರ್ಮಾನಿಸುವುದು? 95%ನದ್ದನ್ನೂ ಎಣಿಸಿ. ಅಲ್ಲಿ 12-13 ಬಾರಿ ದಾಟುವುದು ಸಹಜ. 95%ನಲ್ಲಿ ಸರಿಯಾಗಿದ್ದು 99%ನಲ್ಲಿ ಮಾತ್ರ ಜಾಸ್ತಿ ದಾಟುತ್ತಿದ್ದರೆ, ಅಲ್ಲಿರುವುದು ದಪ್ಪ ಬಾಲ. ಷೇರುಗಳಲ್ಲಿ ಸಾಮಾನ್ಯವಾಗಿ ಹೀಗೇ ಆಗುತ್ತದೆ.

ಕೊನೆಗೆ ಶೀಟಿನಲ್ಲಿ ₹15,419ರ ಕೆಳಗೆ ಎರಡು ಸಾಲು ಕೈಯಿಂದಲೇ ಸೇರಿಸಿ. "2024 ಜೂನ್ 4 ಮತ್ತೆ ಬಂದರೆ: ₹35,580." "2020 ಮಾರ್ಚ್ 23 ಮತ್ತೆ ಬಂದರೆ: ₹77,880." ಎರಡರಲ್ಲೂ ಚಿನ್ನ ಕದಲಲಿಲ್ಲ ಅಂತ ಹಿಡಿದದ್ದು. ಇವಕ್ಕೆ ಸಿಗ್ಮಾ ಬೇಡ, ಶೇಕಡಾ ಬೇಡ. ಆ ಮೂರನೇ ಸಾಲು ನೋಡಿದಾಗ 6 ಲಕ್ಷದಲ್ಲಿ ಸ್ವಲ್ಪ ಮಾರಿಬಿಡೋಣ ಅನ್ನಿಸಿದರೆ, ಅದರ ಬಗ್ಗೆ ಸಲಹೆಗಾರರ ಜೊತೆ ಈಗಲೇ ಮಾತಾಡಿ. ಅಂಥ ದಿನ ಬಂದಾಗ ಮಾರುವುದು ಬಹಳ ದುಬಾರಿ. ಆ ಮಾರ್ಚ್ 23ರ ಬೆಳಿಗ್ಗೆ ಸೂಚ್ಯಂಕ 10% ಬಿದ್ದು ವಹಿವಾಟನ್ನೇ 45 ನಿಮಿಷ ನಿಲ್ಲಿಸಿದ್ದರು, ಮಾರುತ್ತೇನೆ ಅಂದವರಿಗೂ ಆಗ ಮಾರಲು ಆಗಲಿಲ್ಲ.